ಗಾರ್ಮೆಂಟ್ಸ್‌ನಲ್ಲಿ ಡಿಫೆಕ್ಟ್ ಏರುತ್ತಿದೆ: ಫಿಶ್‌ಬೋನ್, ಐದು ‘ಯಾಕೆ’ ಹೇಗೆ ಬಳಸುವುದು?

ಪ್ರಶ್ನೆ: ನಮ್ಮ ಲೈನ್‌ನಲ್ಲಿ ಡಿಫೆಕ್ಟ್ ಜಾಸ್ತಿಯಾಗ್ತಿದೆ. ಫಿಶ್‌ಬೋನ್ ಮಾಡ್ಬೇಕಾ, ಐದು ‘ಯಾಕೆ’ ಕೇಳ್ಬೇಕಾ?

ಉತ್ತರ: ಎರಡೂ ಬೇಕು, ಮೊದಲು ಫಿಶ್‌ಬೋನ್, ಅಂದರೆ ದೋಷವನ್ನು ಮೀನಿನ ತಲೆಯಲ್ಲಿ, ಕಾರಣಗಳನ್ನು ಮುಳ್ಳುಗಳಲ್ಲಿ ಬರೆಯುವ ಚಿತ್ರ. ಆದರೆ ಮೀನಿನ ತಲೆಯಲ್ಲಿ ‘ಡಿಫೆಕ್ಟ್ ಜಾಸ್ತಿ’ ಎಂದು ಬರೆದರೆ ಏನೂ ಸಿಗುವುದಿಲ್ಲ. ಚೆಕಿಂಗ್ ಶೀಟ್ ನೋಡಿ ಒಂದೇ ದೋಷ, ಒಂದೇ ಆಪರೇಷನ್ ಆರಿಸಿ. ಉದಾಹರಣೆಗೆ, ಪ್ಯಾಂಟಿನ ಲಾಕ್‌ಸ್ಟಿಚ್ ಹೊಲಿಗೆಯಲ್ಲಿ ಸ್ಕಿಪ್ ಸ್ಟಿಚ್, ಅಂದರೆ ನಡುವೆ ಹೊಲಿಗೆ ತಪ್ಪುವುದು.

ಮುಳ್ಳುಗಳಲ್ಲಿ ಟೈಲರ್, ಮೆಷಿನ್, ಬಟ್ಟೆ-ದಾರ, ವಿಧಾನ, ತಪಾಸಣೆ ಎಂದು ಬರೆದು ಅನುಮಾನಗಳನ್ನು ತುಂಬಿ. ಅವು ಇನ್ನೂ ಅನುಮಾನಗಳಷ್ಟೇ. ಈಗ ಪೀಸ್ ಕೈಗೆತ್ತಿಕೊಂಡು ನೋಡಿ: ಹೊಲಿಗೆ ಉದ್ದಕ್ಕೂ ತಪ್ಪಿದ್ದರೆ ದಾರದ ಕುಣಿಕೆ ಹಿಡಿಯುವ ಹುಕ್‌ನ ಟೈಮಿಂಗ್ ಅಥವಾ ದಾರ ಪೋಣಿಸಿದ ರೀತಿ ನೋಡಬೇಕು. ಪದರ ದಪ್ಪವಾಗುವ ಜೋಡಣೆಯಲ್ಲಿ ಮಾತ್ರ ತಪ್ಪಿದ್ದರೆ ಸೂಜಿ ಬಾಗುತ್ತಿರಬಹುದು. ಅದೇ ಟೈಲರ್, ಅದೇ ದಾರ ಇಟ್ಟು ಸೂಜಿ ಮಾತ್ರ 11ನೇ ನಂಬರಿನಿಂದ 16ಕ್ಕೆ ಬದಲಿಸಿ, ಅದಕ್ಕೆ ತಕ್ಕಂತೆ ಹುಕ್ ಅಂತರ ಸರಿಮಾಡಿ ಹೊಲಿಸಿ. ದೋಷ ನಿಂತರೆ ಆ ಮುಳ್ಳಿನಿಂದ ‘ಯಾಕೆ’ ಶುರು.

ಯಾಕೆ ತಪ್ಪಿತು? ಹುಕ್‌ಗೆ ದಾರದ ಕುಣಿಕೆ ಸಿಗಲಿಲ್ಲ. ಯಾಕೆ? ಸೂಜಿ ಬಾಗಿತು. ಯಾಕೆ? ದಪ್ಪ ಬಟ್ಟೆಗೆ ತೆಳು ಸೂಜಿ. ಯಾಕೆ? ಸ್ಟೈಲ್ ಬದಲಾದರೂ ಹಳೆಯ ಸೂಜಿಯೇ ಉಳಿಯಿತು. ಯಾಕೆ? ಲೈನ್‌ಗೆ ಬರುವ ಶೀಟ್‌ನಲ್ಲಿ ಸೂಜಿ ನಂಬರಿಗೆ ಜಾಗವೇ ಇಲ್ಲ. ಸ್ಯಾಂಪಲ್ ರೂಮಿನವರಿಗೆ ಗೊತ್ತಿದ್ದದ್ದು ಅಲ್ಲೇ ಉಳಿಯಿತು.

‘ಟೈಲರ್ ಗಮನ ಕೊಡಲಿಲ್ಲ’ ಎಂದು ಎರಡನೇ ‘ಯಾಕೆ’ಯಲ್ಲೇ ನಿಲ್ಲಿಸಿದ್ದರೆ ಆಕೆಗೆ ಬೈಗುಳ ಸಿಗುತ್ತಿತ್ತು, ಮುಂದಿನ ಸ್ಟೈಲ್‌ನಲ್ಲಿ ಅದೇ ದೋಷ ಮರಳುತ್ತಿತ್ತು. ಇದು ನಿಜಕ್ಕೂ ಅನ್ಯಾಯ. ಶೀಟ್‌ನಲ್ಲಿ ಸೂಜಿ ನಂಬರ್ ಸೇರಿಸಿ. ಅದನ್ನು ಮೆಷಿನ್‌ನಲ್ಲಿ ನೋಡದೆ ಮೊದಲ ಪೀಸ್‌ಗೆ ಓಕೆ ಕೊಡಬೇಡಿ.