ಪ್ಲೇಟ್‌ಲೆಟ್ ಇಳಿದಿದೆ ಸರಿ, ಖರ್ಚಾಗುತ್ತಿರುವುದು ಎಲ್ಲಿ?

"ಕುಮಟಾದಿಂದ ಬರೆಯುತ್ತಿದ್ದೇನೆ. ಅತ್ತಿಗೆಗೆ ಪ್ಲೇಟ್‌ಲೆಟ್ 14 ಸಾವಿರ. ಮೊದಲು ಐಟಿಪಿ ಅಂದರು, ಈಗ ಟಿಟಿಪಿ ಇರಬಹುದು ಅಂತಾರೆ. ಪಕ್ಕದ ಬೆಡ್‌ನವರಿಗೆ ಹೆಪಾರಿನ್‌ನಿಂದ ಇಳಿದಿದೆಯಂತೆ. ಮೂರರಲ್ಲೂ ಕಡಿಮೆಯೇ ಅಲ್ವಾ? ಮತ್ತೆ ಪ್ಲೇಟ್‌ಲೆಟ್ ಯಾಕೆ ಹಾಕುತ್ತಿಲ್ಲ?"

ನಾನು ಶಿರಸಿಯಲ್ಲಿ ಲ್ಯಾಬ್ ನೋಡುವ ಪೆಥಾಲಜಿ ಡಾಕ್ಟರ್. ನಮ್ಮ ಜಿಲ್ಲೆಯಲ್ಲಿ ಪ್ಲೇಟ್‌ಲೆಟ್ ಇಳಿದರೆ ಮೊದಲು ಡೆಂಗ್ಯೂ, ಇಲಿ ಜ್ವರ ನೋಡುತ್ತೇವೆ. ಕಾಡಂಚಿನ ಊರಿನವರಾದರೆ ಮಂಗನ ಕಾಯಿಲೆಯನ್ನೂ ನೋಡುತ್ತೇವೆ. ಅವು ಯಾವುವೂ ಅಲ್ಲ ಎಂದಾದ ಮೇಲೆ ನೀವು ಹೇಳಿದ ಮೂರು ಹೆಸರು ಬರುತ್ತವೆ. ಮೂರರಲ್ಲೂ ಸಂಖ್ಯೆ ಇಳಿಯುತ್ತದೆ ನಿಜ, ಆದರೆ ಪ್ಲೇಟ್‌ಲೆಟ್ ಹೋಗುವ ಜಾಗ ಬೇರೆ ಬೇರೆ.

ಐಟಿಪಿಯಲ್ಲಿ ದೇಹ ತನ್ನದೇ ಪ್ಲೇಟ್‌ಲೆಟ್ ಮೇಲೆ ಆಂಟಿಬಾಡಿ ಅಂಟಿಸುತ್ತದೆ. ಹಾಗೆ ಗುರುತಾದವನ್ನು ಮುಖ್ಯವಾಗಿ ಗುಲ್ಮದಲ್ಲಿರುವ ಕಣಗಳು ನುಂಗುತ್ತವೆ. ಮೂಳೆಮಜ್ಜೆಯಲ್ಲಿ ಹೊಸದು ತಯಾರಾಗುವುದಕ್ಕೂ ಅದೇ ಆಂಟಿಬಾಡಿ ಅಡ್ಡಿ. ರಕ್ತನಾಳದ ಒಳಗೆ ಏನೂ ಕಟ್ಟಿಕೊಳ್ಳುವುದಿಲ್ಲ. ಹಾಗಾಗಿ ತೊಂದರೆಯೆಲ್ಲ ರಕ್ತಸ್ರಾವದ್ದು: ಚರ್ಮದ ಮೇಲೆ ಕೆಂಪು ಚುಕ್ಕೆ, ವಸಡಿನಲ್ಲಿ ರಕ್ತ. ಹೊರಗಿನಿಂದ ಹಾಕಿದ ಪ್ಲೇಟ್‌ಲೆಟ್ಟೂ ಬೇಗನೆ ನುಂಗಿಹೋಗುತ್ತದೆ. ಅದಕ್ಕೇ ಜೀವಕ್ಕೆ ಅಪಾಯವಾಗುವಂಥ ರಕ್ತಸ್ರಾವ ಇದ್ದರೆ ಮಾತ್ರ ಹಾಕುತ್ತಾರೆ. ಉಳಿದಂತೆ ನುಂಗುವುದನ್ನು ತಗ್ಗಿಸಲು ಸ್ಟೀರಾಯ್ಡ್ ಕೊಡುತ್ತಾರೆ.

ಟಿಟಿಪಿಯ ಕಥೆಯೇ ಬೇರೆ. ರಕ್ತನಾಳದ ಒಳಪದರ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನನ್ನು ಉದ್ದುದ್ದ ಎಳೆಗಳಾಗಿ ಬಿಡುತ್ತದೆ. ಪ್ಲೇಟ್‌ಲೆಟ್ ಅಂಟಿಕೊಳ್ಳುವುದು ಇದಕ್ಕೇ. ಅಡಾಮ್‌ಟಿಎಸ್-13 ಎಂಬ ಕಿಣ್ವ ಈ ಎಳೆಗಳನ್ನು ಚಿಕ್ಕದಾಗಿ ಕತ್ತರಿಸುತ್ತಿರಬೇಕು. ದೊಡ್ಡವರ ಟಿಟಿಪಿಯಲ್ಲಿ ಸಾಮಾನ್ಯವಾಗಿ ಆಂಟಿಬಾಡಿ ಕಟ್ಟಿಹಾಕುವುದು ಪ್ಲೇಟ್‌ಲೆಟ್ಟನ್ನಲ್ಲ, ಈ ಕಿಣ್ವವನ್ನು. ಅದರ ಕೆಲಸ ಶೇಕಡಾ 10ಕ್ಕಿಂತ ಕೆಳಗಿಳಿದರೆ ಉದ್ದದ ಎಳೆಗಳು ಹಾಗೇ ಉಳಿಯುತ್ತವೆ. ರಕ್ತ ಜೋರಾಗಿ ನುಗ್ಗುವ ಸಣ್ಣ ನಾಳಗಳಲ್ಲಿ ಪ್ಲೇಟ್‌ಲೆಟ್ ಅವಕ್ಕೆ ಅಂಟಿ ಗಂಟಾಗುತ್ತದೆ. ಮಿದುಳು, ಹೃದಯ, ಕಿಡ್ನಿಗೆ ರಕ್ತ ಕಡಿಮೆಯಾಗುತ್ತದೆ. ಆ ಗಂಟುಗಳ ನಡುವೆ ತೂರಿಬರುವ ಕೆಂಪು ರಕ್ತಕಣಗಳು ಹರಿದು ಚೂರಾಗುತ್ತವೆ.

ಹಿಂದೆ ಘಟ್ಟದ ಕೆಳಗಿನಿಂದ ಒಬ್ಬ ಹೆಂಗಸಿನ ಸ್ಯಾಂಪಲ್ ಬಂದಿತ್ತು. ಚೀಟಿಯಲ್ಲಿ "ಐಟಿಪಿ?" ಎಂದಿತ್ತು. ಪ್ಲೇಟ್‌ಲೆಟ್ 16 ಸಾವಿರ. ಆದರೆ ಹಿಮೋಗ್ಲೋಬಿನ್ 7.6, ಮತ್ತು ರಕ್ತಸ್ರಾವದ ಸುಳಿವೇ ಇರಲಿಲ್ಲ. ಬರೀ ಐಟಿಪಿಯಾದರೆ ಇಷ್ಟು ರಕ್ತ ಎಲ್ಲಿ ಹೋಯಿತು? ಸ್ಲೈಡ್ ನೋಡಿದೆ. ಹೆಲ್ಮೆಟ್ ಆಕಾರದ, ಮೂಲೆ ಚೂಪಾದ ಕಣದ ಚೂರುಗಳು ಪ್ರತಿ ನೋಟಕ್ಕೂ ಸಿಕ್ಕವು. ಕಣ ಒಡೆದರೆ ಏರುವ ಎಲ್‌ಡಿಎಚ್ 1,400 ದಾಟಿತ್ತು, ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಪಿಟಿ ನಾರ್ಮಲ್, ಕೆಂಪು ಕಣದ ಮೇಲೆ ಆಂಟಿಬಾಡಿ ಇದೆಯಾ ಎಂದು ನೋಡುವ ಕೂಂಬ್ಸ್ ನೆಗೆಟಿವ್. ವಾರ್ಡಿಗೆ ಫೋನ್ ಮಾಡಿದರೆ, ಬೆಳಿಗ್ಗೆ ಸ್ವಲ್ಪ ಹೊತ್ತು ಮಾತು ತೊದಲಿತ್ತಂತೆ! ಅಷ್ಟು ಸಾಕು. ಅಡಾಮ್‌ಟಿಎಸ್-13 ಪರೀಕ್ಷೆಗೆ ರಕ್ತ ತೆಗೆದಿಟ್ಟು, ಸ್ಟೀರಾಯ್ಡ್ ಮತ್ತು ಪ್ಲಾಸ್ಮಾ ಶುರುಮಾಡಿ, ರಾತ್ರಿಯೇ ಮಣಿಪಾಲಕ್ಕೆ ಕಳಿಸಿದರು. ಅಲ್ಲಿ ಪ್ಲಾಸ್ಮಾ ಎಕ್ಸ್‌ಚೇಂಜ್ ಆಯಿತು. ಆಂಟಿಬಾಡಿ ಇರುವ ಪ್ಲಾಸ್ಮಾ ತೆಗೆದು, ಕಿಣ್ವ ಇರುವ ದಾನಿಗಳ ಪ್ಲಾಸ್ಮಾ ತುಂಬುವುದು ಅದರ ಕೆಲಸ. ಈ ಚಿಕಿತ್ಸೆ ಇಲ್ಲದ ಕಾಲದಲ್ಲಿ ಸುಮಾರು ಶೇಕಡಾ 90ರಷ್ಟು ಜನ ಉಳಿಯುತ್ತಿರಲಿಲ್ಲ. ಹಾಗಾಗಿ ರಿಪೋರ್ಟ್ ಬರುವವರೆಗೆ ಕಾಯುವ ಹಾಗಿಲ್ಲ. ಇಲ್ಲಿ ಪ್ಲೇಟ್‌ಲೆಟ್ ಹಾಕಿದರೆ ಗಂಟಿಗೆ ಇನ್ನಷ್ಟು ಸರಕು ಕೊಟ್ಟ ಹಾಗಾಗಬಹುದು ಎಂಬ ಅಂಜಿಕೆ. ಜೀವಕ್ಕೇ ಕುತ್ತಾಗುವ ರಕ್ತಸ್ರಾವ ಇಲ್ಲದಿದ್ದರೆ ಮುಟ್ಟುವುದಿಲ್ಲ.

ಪಕ್ಕದ ಬೆಡ್‌ನವರದು ಇನ್ನೂ ವಿಚಿತ್ರ. ಪ್ಲೇಟ್‌ಲೆಟ್ ಬಿಡುವ ಪಿಎಫ್-4 ಎಂಬ ಪ್ರೋಟೀನಿಗೆ ಹೆಪಾರಿನ್ ಅಂಟುತ್ತದೆ. ಆ ಜೋಡಿಯ ಮೇಲೆ ಕೆಲವರಲ್ಲಿ ಆಂಟಿಬಾಡಿ ಹುಟ್ಟುತ್ತದೆ. ಅದು ಪ್ಲೇಟ್‌ಲೆಟ್ಟನ್ನು ಸುಮ್ನೆ ಗುರುತು ಮಾಡಿ ಬಿಡುವುದಿಲ್ಲ, ಕೆರಳಿಸುತ್ತದೆ. ಕೆರಳಿದ ಪ್ಲೇಟ್‌ಲೆಟ್ ಇನ್ನಷ್ಟು ಪಿಎಫ್-4 ಬಿಡುತ್ತದೆ, ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಕಿಣ್ವ ಜಾಸ್ತಿಯಾಗಿ ದೊಡ್ಡ ನಾಳಗಳಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಟ್ಟ ಔಷಧಿಯಿಂದಲೇ! ಸಾಮಾನ್ಯವಾಗಿ ಹೆಪಾರಿನ್ ಶುರುವಾದ 5ರಿಂದ 10 ದಿನದೊಳಗೆ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. 20 ಸಾವಿರಕ್ಕಿಂತ ಕೆಳಗೆ ಹೋಗುವುದು ಅಪರೂಪ. ಇತ್ತೀಚೆಗೆ ಹೆಪಾರಿನ್ ತೆಗೆದುಕೊಂಡವರಿಗೆ ಅದನ್ನೇ ಮತ್ತೆ ಕೊಟ್ಟರೆ ಒಂದೇ ದಿನದಲ್ಲಿ ಬೀಳಬಹುದು. ಹೆಪಾರಿನ್ ನಿಲ್ಲಿಸಿದರಷ್ಟೇ ಸಾಲದು, ಅರ್ಗಾಟ್ರೋಬಾನ್‌ನಂಥ ಬೇರೆ ಔಷಧಿ ಕೊಡಬೇಕು. ನಾಳಕ್ಕೆ ಚುಚ್ಚಿಟ್ಟ ಸೂಜಿ ಕಟ್ಟಿಕೊಳ್ಳದಂತೆ ತೊಳೆಯಲು ಬಳಸುವ ಹೆಪಾರಿನ್ ಕೂಡ ಬಂದ್ ಮಾಡಬೇಕು. ಇದು ಎಷ್ಟೋ ಸಲ ಮರೆತುಹೋಗುತ್ತದೆ.

ಅತ್ತಿಗೆಯ ವಿಷಯಕ್ಕೆ ಬಂದರೆ, ಸ್ಲೈಡಿನಲ್ಲಿ ಕಣದ ಚೂರುಗಳು ಕಂಡಿವೆಯಾ, ಪ್ಲಾಸ್ಮಾ ಹಾಕುವ ಮೊದಲೇ ಅಡಾಮ್‌ಟಿಎಸ್-13ಕ್ಕೆ ರಕ್ತ ತೆಗೆದಿದ್ದಾರಾ, ಎರಡನ್ನೂ ಈಗಲೇ ಡಾಕ್ಟರ ಹತ್ತಿರ ಕೇಳಿ. ಪ್ಲಾಸ್ಮಾ ಹೋದ ಮೇಲೆ ತೆಗೆದ ರಕ್ತದಲ್ಲಿ ದಾನಿಯ ಕಿಣ್ವವೂ ಸೇರಿರುತ್ತದೆ. ಅದರ ರಿಪೋರ್ಟ್ ನಂಬುವುದು ಕಷ್ಟ.