ಬೀಮ್ ಲೆಕ್ಕದ ಶೀಟ್: ಪರಿಶೀಲಿಸುವವರು ಪ್ರತಿ ಸಂಖ್ಯೆಯ ಮೂಲ ಹಿಡಿಯುವಂತೆ ಜೋಡಿಸುವುದು

ಪ್ರಶ್ನೆ: ಆರ್‌ಸಿಸಿ ಬೀಮ್ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಮಾಡಿ ಪಿಡಿಎಫ್ ಕಳಿಸುತ್ತೇನೆ. ಉತ್ತರ ಸರಿಯಿದ್ದರೂ ‘ಈ ಸಂಖ್ಯೆ ಎಲ್ಲಿಂದ ಬಂತು?’ ಅಂತ ಚೆಕ್ ಮಾಡುವವರು ವಾಪಸ್ ಕಳಿಸುತ್ತಾರೆ. ಶೀಟ್ ಹೇಗೆ ಜೋಡಿಸಲಿ?

ಪಿಡಿಎಫ್ ಆದ ಕೂಡಲೇ ಸೆಲ್ ಒಳಗಿನ ಸೂತ್ರ ಮಾಯವಾಗುತ್ತದೆ, ಬರೀ ಉತ್ತರ ಉಳಿಯುತ್ತದೆ. ನಿಮ್ಮ ತೊಂದರೆ ಇರುವುದು ಇಲ್ಲೇ. ಆದ್ದರಿಂದ ಒಂದು ಸಾಲಿಗೆ ಒಂದೇ ಪ್ರಮಾಣ ಬರಲಿ, ಆ ಸಾಲಿನಲ್ಲಿ ಆರು ಕಾಲಂ ಇರಲಿ: ಸಾಲಿನ ಸಂಖ್ಯೆ, ಚಿಹ್ನೆ, ಅಕ್ಷರದಲ್ಲಿ ಸೂತ್ರ, ಬೆಲೆ, ಯೂನಿಟ್, ಆಧಾರ. ಚೆಕ್ ಮಾಡುವವರು ಕ್ಯಾಲ್ಕುಲೇಟರ್ ಹಿಡಿದು ಕಾಗದದ ಮೇಲೆಯೇ ಮೇಲಿನಿಂದ ಕೆಳಗೆ ಬರಲು ಸಾಧ್ಯವಾಗಬೇಕು.

ಒಂದು ಬೀಮ್ ಇಟ್ಟುಕೊಂಡು ಹೇಳುತ್ತೇನೆ. ಎರಡು ತುದಿಯಲ್ಲಿ ಸುಮ್ಮನೆ ಕುಳಿತ ಬೀಮ್, ಲೆಕ್ಕದ ಸ್ಪ್ಯಾನ್ 5 ಮೀಟರ್, ಅಗಲ 230 ಮಿ.ಮೀ., ಒಟ್ಟು ಆಳ 450 ಮಿ.ಮೀ., ಎಂ25 ಕಾಂಕ್ರೀಟ್, ಎಫ್‌ಇ 500 ಕಂಬಿ. ಬೆಂಡಿಂಗ್ ಭಾಗವನ್ನು ಮಾತ್ರ ನೋಡೋಣ. ಶಿಯರ್, ಡಿಫ್ಲೆಕ್ಷನ್‌ಗೂ ಇದೇ ಜೋಡಣೆ ಸಾಕು.

ಮೊದಲ ಭಾಗದಲ್ಲಿ ಕೈಯಿಂದ ಟೈಪ್ ಮಾಡಿದ ಬೆಲೆಗಳು ಮಾತ್ರ ಇರಬೇಕು, ಅವು ಬೇರೆಲ್ಲೂ ಮತ್ತೆ ಟೈಪ್ ಆಗಬಾರದು. ಈ ಸೆಲ್‌ಗಳಿಗೆ ತಿಳಿ ಹಳದಿ ಬಣ್ಣ ಕೊಡಿ. ಆಧಾರದ ಕಾಲಂನಲ್ಲಿ ‘ಡ್ರಾಯಿಂಗ್ ಪ್ರಕಾರ’ ಅಂತ ಬರೆದರೆ ಉಪಯೋಗವಿಲ್ಲ. ಡ್ರಾಯಿಂಗ್ ಸಂಖ್ಯೆ ಮತ್ತು ರಿವಿಷನ್ ಎರಡೂ ಬೇಕು. ಸ್ಲ್ಯಾಬಿನಿಂದ ಬರುವ ಡೆಡ್ ಲೋಡ್ ಮೀಟರಿಗೆ 12 ಕಿಲೋನ್ಯೂಟನ್, ಲೈವ್ ಲೋಡ್ 8 ಎಂದಿದ್ದರೆ, ಸ್ಲ್ಯಾಬ್ ಲೆಕ್ಕದ ಯಾವ ಪುಟ, ಯಾವ ಸಾಲು ಎಂದು ಬರೆಯಿರಿ. ಊಹೆಯಿಂದ ಹಿಡಿದ ಬೆಲೆಯಾದರೆ ‘ಊಹೆ’ ಎಂದೇ ಬರೆಯಿರಿ. ಖಾಲಿ ಬಿಟ್ಟ ಆಧಾರವೇ ಹೆಚ್ಚು ಪ್ರಶ್ನೆ ತರುತ್ತದೆ.

ಟೈಪ್ ಮಾಡಬೇಕೆಂದು ತೋರಿದರೂ ಟೈಪ್ ಮಾಡಬಾರದ ಬೆಲೆಯೆಂದರೆ ಎಫೆಕ್ಟಿವ್ ಡೆಪ್ತ್. ಕವರ್ 30, ರಿಂಗ್ 8, ಕಂಬಿ 16 ಮಿ.ಮೀ. ಆದರೆ 450 − 30 − 8 − 8 = 404 ಮಿ.ಮೀ. ಈ 404 ಅನ್ನು ನೇರವಾಗಿ ಹೊಡೆದಿಟ್ಟರೆ, ನಾಳೆ ಯಾರಾದರೂ ಕಂಬಿಯನ್ನು 20 ಮಿ.ಮೀ.ಗೆ ಬದಲಿಸಿದಾಗ ಅದು 402 ಆಗಬೇಕಿದ್ದರೂ ಅಲ್ಲೇ ನಿಂತಿರುತ್ತದೆ. ಎರಡು ಮಿ.ಮೀ. ವ್ಯತ್ಯಾಸ ಚಿಕ್ಕದೇ. ಆದರೆ ಕವರ್ 30ರಿಂದ 45ಕ್ಕೆ ಹೋದರೂ ಅದು ಅಲ್ಲೇ ನಿಂತಿರುತ್ತದೆ ಎಂಬುದು ಚಿಕ್ಕದಲ್ಲ.

ಎರಡನೇ ಭಾಗದ ಲೆಕ್ಕ ಹೀಗೆ ಕಾಣಬೇಕು. ಇಲ್ಲಿನ `wd`, `wl` ಮೊದಲ ಭಾಗದ ಡೆಡ್ ಮತ್ತು ಲೈವ್ ಲೋಡ್:

```
2.1  d       D-cover-ring-bar/2       404     mm
2.2  w_self  25*b*D/10^6              2.59    kN/m
2.3  wu      1.5*(wd+wl+w_self)       33.88   kN/m
2.4  Mu      wu*L^2/8                 105.88  kN.m
2.5  Mu_N    Mu*10^6                  105.88E6  N.mm
2.6  Mu_lim  0.133*fck*b*d^2/10^6     124.8   kN.m
2.7  Ast     0.5*fck/fy*(1-SQRT(1-4.6*Mu_N/(fck*b*d^2)))*b*d
                                      712     mm2
2.8  As_min  0.85*b*d/fy              158     mm2
```

ಆಧಾರದ ಕಾಲಂ ಜಾಗ ಸಾಲದೆ ಇಲ್ಲಿ ಬಿಟ್ಟಿದ್ದೇನೆ. ನಿಮ್ಮ ಶೀಟಿನಲ್ಲಿ 2.2ರ ಎದುರು ಐಎಸ್ 456:2000 ಕ್ಲಾಜ್ 19.2.1, 2.3ರ ಎದುರು ಟೇಬಲ್ 18, 2.6 ಮತ್ತು 2.7ರ ಎದುರು ಅನೆಕ್ಸ್ ಜಿ, 2.8ರ ಎದುರು 26.5.1.1 ಇರಲಿ. ಬರೀ ‘ಐಎಸ್ 456’ ಎಂದರೆ ಚೆಕ್ ಮಾಡುವವರು ಇಡೀ ಪುಸ್ತಕ ಹುಡುಕಬೇಕಾಗುತ್ತದೆ. 2.6ರಲ್ಲಿನ 0.133 ಎಫ್‌ಇ 500ಕ್ಕೆ ಮಾತ್ರ. ಎಫ್‌ಇ 415 ಆದರೆ 0.138. ಹಾಗಾಗಿ ಆ ಗುಣಾಂಕ ಯಾವ ಕಂಬಿಯದು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

ಸಾಲು 2.5 ಅನಾವಶ್ಯಕ ಅನ್ನಿಸಬಹುದು. ಇಡೀ ಶೀಟಿನಲ್ಲಿ ಅದನ್ನು ಮಾತ್ರ ನಾನು ಎಂದೂ ತೆಗೆಯಲು ಬಿಡುವುದಿಲ್ಲ. ಮೊಮೆಂಟ್ ಕಿಲೋನ್ಯೂಟನ್-ಮೀಟರಿನಲ್ಲಿದೆ, ಕಂಬಿಯ ಸೂತ್ರ ನ್ಯೂಟನ್-ಮಿ.ಮೀ. ಕೇಳುತ್ತದೆ. ಹತ್ತು ಲಕ್ಷದಿಂದ ಗುಣಿಸುವುದನ್ನು ಮರೆತರೆ 2.7ರಲ್ಲಿ ಎರರ್ ಬರುವುದಿಲ್ಲ, 0.0006 ಚದರ ಮಿ.ಮೀ. ಬರುತ್ತದೆ, ಪರದೆಯ ಮೇಲೆ 0 ಕಾಣುತ್ತದೆ. ಈಗ ಯಾರಾದರೂ ಸಾಲು ಉಳಿಸಲು 2.7 ಮತ್ತು 2.8 ಎರಡನ್ನೂ ಒಂದೇ `MAX` ಒಳಗೆ ಹಾಕಿದ್ದರೆ ಆ 0 ಕೂಡ ಕಾಣುವುದಿಲ್ಲ. ಬೇಕಾದ ಕಂಬಿ 158 ಎಂದು ಬರುತ್ತದೆ, ನೋಡಲು ನಂಬುವಂಥ ಸಂಖ್ಯೆ. ಎರಡು 12 ಮಿ.ಮೀ. ಕಂಬಿ ಕೊಟ್ಟರೆ 226, ಶೀಟ್ ‘ಸರಿ’ ಎನ್ನುತ್ತದೆ. ನಿಜಕ್ಕೂ ಬೇಕಿದ್ದದ್ದು 712. ಆದ್ದರಿಂದ ಯೂನಿಟ್ ಬದಲಾವಣೆಗೆ ಬೇರೆ ಸಾಲು, ಲೆಕ್ಕದ ಕಂಬಿಗೆ ಬೇರೆ ಸಾಲು, ಕನಿಷ್ಠ ಕಂಬಿಗೆ ಬೇರೆ ಸಾಲು.

ಮೂರನೇ ಭಾಗ ಫಲಿತಾಂಶ. ಇಲ್ಲಿ ಬೇಕಾದ ಕಂಬಿಯನ್ನೂ ಕೊಟ್ಟ ಕಂಬಿಯನ್ನೂ ಹೋಲಿಸಿ ನಿಲ್ಲಿಸಬೇಡಿ. ಕೊಟ್ಟ ಕಂಬಿಯಿಂದ ಬೀಮಿನ ಸಾಮರ್ಥ್ಯವನ್ನು ತಿರುಗಿ ಲೆಕ್ಕ ಹಾಕಿ: ನಾಲ್ಕು 16 ಮಿ.ಮೀ. ಕಂಬಿ, 804 ಚದರ ಮಿ.ಮೀ., ಇದೇ ಸಾಲು 3.1ರ `As_p`.

```
3.2  MR     0.87*fy*As_p*d*(1-As_p*fy/(b*d*fck))/10^6  116.9 kN.m
3.3  ratio  Mu/MR                                      0.91  <= 1
```

ಇದು 2.7ರ ದಾರಿ ಬಿಟ್ಟು ಬಂದ ಉತ್ತರ, 2.4ರ ಮೊಮೆಂಟ್ ಜೊತೆ ನೇರವಾಗಿ ತೂಗುತ್ತದೆ. ಮೇಲೆ ಹೇಳಿದ ತಪ್ಪಾಗಿದ್ದರೆ ಎರಡು 12ರ ಸಾಮರ್ಥ್ಯ ಸುಮಾರು 38 ಎಂದು ಬಂದು, 106ರ ಎದುರು ಅಲ್ಲೇ ಸಿಕ್ಕಿಬೀಳುತ್ತಿತ್ತು. ‘ಸರಿ’ ಅನ್ನುವ ಪದದ ಪಕ್ಕ ಅನುಪಾತವೂ ಇರಲಿ, 0.91ಕ್ಕೂ 0.36ಕ್ಕೂ ಚೆಕ್ ಮಾಡುವವರು ಕೇಳುವ ಪ್ರಶ್ನೆ ಬೇರೆ. ನಾಲ್ಕು ಕಂಬಿ ಒಂದೇ ಸಾಲಿನಲ್ಲಿ ಹಿಡಿಯುತ್ತವೆಯೇ ಎಂಬುದಕ್ಕೂ ಒಂದು ಸಾಲು ಕೊಡಿ: ನಡುವಿನ ಜಾಗ (230 − 60 − 16 − 64)/3 = 30 ಮಿ.ಮೀ., 20 ಮಿ.ಮೀ. ಜಲ್ಲಿಗೆ 25 ಸಾಕು.

ಅಕ್ಷರದ ಸೂತ್ರ ಮತ್ತು ಸೆಲ್ ಒಳಗಿನ ಸೂತ್ರ ಬೇರೆಬೇರೆಯಾಗುವ ಅಪಾಯ ಇದ್ದೇ ಇದೆ. ಸೆಲ್‌ಗಳಿಗೆ ಹೆಸರು ಕೊಟ್ಟು, ಸೂತ್ರದ ಕಾಲಂನಲ್ಲಿ `=FORMULATEXT(D14)` ಹಾಕಿದರೆ ಎಕ್ಸೆಲ್ ತಾನು ಲೆಕ್ಕ ಹಾಕಿದ್ದನ್ನೇ ತೋರಿಸುತ್ತದೆ. ಹೆಸರಿಡುವಾಗ ಒಂದು ತೊಡಕಿದೆ: ಎಕ್ಸೆಲ್‌ಗೆ `D` ಮತ್ತು `d` ಒಂದೇ. ಒಟ್ಟು ಆಳಕ್ಕೆ `D_o` ಎನ್ನಿ. `Ast1` ಎಂಬ ಹೆಸರನ್ನೂ ಅದು ಒಪ್ಪುವುದಿಲ್ಲ, ಅದು ಸೆಲ್ ವಿಳಾಸವಾಗಿಬಿಡುತ್ತದೆ, `Ast_1` ನಡೆಯುತ್ತದೆ.

ನಡುವಿನ ಸಾಲುಗಳಲ್ಲಿ `ROUND` ಬೇಡ, ಕಾಣುವ ದಶಾಂಶ ಮಾತ್ರ ಕಡಿಮೆ ಮಾಡಿ. ಕೈಲೆಕ್ಕದಲ್ಲಿ ಕೊನೆಯ ಅಂಕಿ ಬೇರೆ ಬಂದರೆ ಗಾಬರಿಯಾಗದಂತೆ, ಬೆಲೆಗಳು ದುಂಡಾಗಿಸಿ ತೋರಿಸಿದವು ಎಂದು ತಲೆಪುಟದಲ್ಲಿ ಬರೆಯಿರಿ. ಅಡಗಿಸಿದ ಸಾಲು, ಕಾಲಂ ಒಂದೂ ಇರಬಾರದು.

ಕಳಿಸುವ ಮುನ್ನ ಸ್ಪ್ಯಾನ್ ಸೆಲ್‌ಗೆ 10 ಹಾಕಿ ನೋಡಿ. ಮೊಮೆಂಟ್ ನಾಲ್ಕು ಪಟ್ಟು, ಅಂದರೆ 423.5 ಆಗಬೇಕು, 2.6ರ ಮಿತಿ ದಾಟಿದೆ ಎಂದು ಶೀಟ್ ಕೂಗಬೇಕು, 2.7ರಲ್ಲಿ ವರ್ಗಮೂಲದೊಳಗೆ ಋಣ ಸಂಖ್ಯೆ ಬಂದು `#NUM!` ಕಾಣಬೇಕು. ಅದನ್ನು `IFERROR` ಹಾಕಿ 0 ಮಾಡಿ ಮುಚ್ಚಿದ್ದರೆ ಮೊದಲು ಆ `IFERROR` ತೆಗೆಯಿರಿ, ಆಮೇಲೆ 5 ವಾಪಸ್ ಹಾಕಿ ಪಿಡಿಎಫ್ ಮಾಡಿ.