ಹೈಡ್ರೋನೆಫ್ರೋಸಿಸ್ ಅಂತ ಬಂದಿದೆ, ಕಲ್ಲು ಕಾಣಿಸಿಲ್ಲ. ಬಿಟ್ಟುಬಿಡಬಹುದಾ?

ಪ್ರಶ್ನೆ: ಬಲಗಡೆ ಸೊಂಟದ ಹಿಂದೆ ಜೋರು ನೋವು ಬಂದಿತ್ತು. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಮೈಲ್ಡ್ ಹೈಡ್ರೋನೆಫ್ರೋಸಿಸ್, ಕಲ್ಲು ಕಾಣಿಸಿಲ್ಲ’ ಅಂತಿದೆ. ಈಗ ನೋವಿಲ್ಲ. ಸುಮ್ನೆ ಇರಬಹುದಾ?

ಉತ್ತರ: ಈಗಲೇ ಬಿಡಬೇಡಿ. ನಾನು ಕಾಸರಗೋಡಿನಲ್ಲಿ ಸ್ಕ್ಯಾನಿಂಗ್ ಮಾಡುವ ವೈದ್ಯ. ಇದೇ ಮಾತನ್ನು ವಾರಕ್ಕೆ ಎರಡು ಸಲವಾದರೂ ಕೇಳುತ್ತೇನೆ.

ಹೈಡ್ರೋನೆಫ್ರೋಸಿಸ್ ಅಂದರೆ ಮೂತ್ರ ಕಟ್ಟಿಕೊಂಡು ಕಿಡ್ನಿ ಊದುವುದು. ಅಡಿಕೆ ತೋಟದ ಕಣಿಗೆ ಸೋಗೆ ಅಡ್ಡ ಬಿದ್ದರೆ ಅದರ ಹಿಂದೆ ನೀರು ಕಟ್ಟಿ ನಿಲ್ಲುತ್ತದಲ್ವಾ? ಇದೂ ಅಷ್ಟೇ. ಸ್ಕ್ಯಾನಿನಲ್ಲಿ ಕಿಡ್ನಿಯ ನಡುಭಾಗ ಬೆಳ್ಳಗೆ ಕಾಣಬೇಕು. ಮೂತ್ರ ಕಟ್ಟಿದಾಗ ಅಲ್ಲಿ ಕಪ್ಪು ಕವಲುಗಳು ಬಿಡಿಸಿಕೊಳ್ಳುತ್ತವೆ. ನಮಗೆ ಕಾಣುವುದು ಕಟ್ಟಿದ ನೀರು, ಸೋಗೆ ಅಲ್ಲ. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಸುಮಾರು 25 ಸೆಂ.ಮೀ. ಉದ್ದ. ಅದರ ನಡುಭಾಗವನ್ನು ಕರುಳಿನ ಗ್ಯಾಸ್ ಮುಚ್ಚಿಬಿಡುತ್ತದೆ. ಹಾಗಾಗಿ ‘ಕಾಣಿಸಿಲ್ಲ’ ಅಂದರೆ ‘ಇಲ್ಲ’ ಅಂತಲ್ಲ.

ಬದಿಯಡ್ಕ ಕಡೆಯ ಅಡಿಕೆ ಕೊಯ್ಯುವವರೊಬ್ಬರು ಬಂದಿದ್ದರು. ನೋವು ನಿಂತು ಮೂರು ವಾರ ಆಗಿತ್ತು. ‘ಕಲ್ಲು ಹೋಯ್ತು ಡಾಕ್ಟ್ರೇ, ಹೆಂಡತಿಯ ಒತ್ತಾಯಕ್ಕೆ ಬಂದೆ’ ಅಂದರು. ಬಲ ಕಿಡ್ನಿ ಊದಿತ್ತು. ಮೂತ್ರಕೋಶ ತುಂಬಿದ್ದರೂ ಹೀಗೆ ಕಾಣುವುದುಂಟು. ಅದಕ್ಕೆ ಮೂತ್ರ ಮಾಡಿಸಿ ಮತ್ತೆ ನೋಡಿದೆ, ಊತ ಹಾಗೇ ಇತ್ತು. ಆಮೇಲೆ ನೀರು ಕುಡಿಸಿ, ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿದೆ. ಎಡ ನಾಳದಿಂದ ಮೂತ್ರಕೋಶಕ್ಕೆ ಬಣ್ಣದ ಚಿಲುಮೆ ಆಗಾಗ ಚಿಮ್ಮುತ್ತಿತ್ತು. ಬಲಗಡೆ ಐದು ನಿಮಿಷ ಕಾದರೂ ಒಂದೂ ಇಲ್ಲ. ಸಿಟಿ ಸ್ಕ್ಯಾನಿನಲ್ಲಿ ನಾಳದ ನಡುವೆ 7 ಮಿ.ಮೀ. ಕಲ್ಲು ಸಿಕ್ಕಿತು. ಮಂಗಳೂರಿನಲ್ಲಿ ದುರ್ಬೀನು ಹಾಕಿ ತೆಗೆದರು.

ಹಾಗಾದರೆ ನೋವು ಯಾಕೆ ನಿಂತಿತು? ನೋವು ಬರುವುದು ನಾಳ ಮತ್ತು ಕಿಡ್ನಿ ಥಟ್ಟನೆ ಬಿಗಿದಾಗ. ದಿನ ಕಳೆದಂತೆ ಆ ಕಿಡ್ನಿ ಮೂತ್ರ ಮಾಡುವುದನ್ನೇ ಕಡಿಮೆ ಮಾಡುತ್ತದೆ, ಒತ್ತಡ ಇಳಿಯುತ್ತದೆ. ತಡೆ ಮಾತ್ರ ಅಲ್ಲೇ ಇರುತ್ತದೆ. ಇನ್ನೊಂದು ಕಿಡ್ನಿ ಸಂಭಾಳಿಸುವುದರಿಂದ ಕಿಡ್ನಿಯ ಕೆಲಸ ನೋಡುವ ರಕ್ತಪರೀಕ್ಷೆ ಕ್ರಿಯಾಟಿನಿನ್ ಕೂಡ ಸರಿಯಾಗೇ ಬರಬಹುದು. ಪೂರ್ತಿ ತಡೆ ವಾರಗಟ್ಟಲೆ ಉಳಿದರೆ ಕಿಡ್ನಿಗೆ ಆದ ಹಾನಿ ಪೂರ್ತಿ ವಾಪಸ್ ಬರುವುದಿಲ್ಲ.

ಹಾಗಂತ ಎಲ್ಲ ಕಲ್ಲಿಗೂ ಆಪರೇಷನ್ ಬೇಡ. 5 ಮಿ.ಮೀ.ಗಿಂತ ಸಣ್ಣದು ಹೆಚ್ಚಾಗಿ ತಾನೇ ಇಳಿಯುತ್ತದೆ. ಆದರೆ ಇಳಿಯಿತು ಅನ್ನಲು ಕಲ್ಲನ್ನೇ ನೋಡಿರಬೇಕು, ಇಲ್ಲವೇ ಊತ ಹೋದದ್ದು ಸ್ಕ್ಯಾನಿನಲ್ಲಿ ಕಾಣಬೇಕು. ಬಾಳೆದಿಂಡಿನ ರಸ ಕುಡಿದೆ ಅನ್ನುವುದು ಸಾಕ್ಷಿ ಅಲ್ಲ!

ಕಲ್ಲೇ ಕಾರಣ ಆಗಬೇಕೆಂದೂ ಇಲ್ಲ. ವಯಸ್ಸಾದ ಗಂಡಸರಲ್ಲಿ ಎರಡೂ ಕಡೆ ಊದಿದ್ದರೆ ಮೊದಲು ಪ್ರಾಸ್ಟೇಟ್ ನೋಡುತ್ತೇವೆ. ಎಳೆಯರಲ್ಲಿ ಕಿಡ್ನಿಯ ಬಾಯಲ್ಲೇ ಹುಟ್ಟಿನಿಂದ ಬಂದ ಇಕ್ಕಟ್ಟು ಇರಬಹುದು. ಬಸುರಿಯರಲ್ಲಿ ಬಲಗಡೆ ಸ್ವಲ್ಪ ಊತ ಸಾಮಾನ್ಯ.

ನೀವು ಈ ವಾರವೇ ಯೂರಾಲಜಿಸ್ಟ್ ಹತ್ತಿರ ಹೋಗಿ, ‘ಸಿಟಿ ಬೇಕಾ?’ ಅಂತ ಕೇಳಿ. ಚಳಿಜ್ವರ ಬಂದರೆ ಅಥವಾ ಮೂತ್ರ ನಿಂತರೆ ಬೆಳಗಾಗಲಿ ಅಂತ ಕಾಯಬೇಡಿ. ಕಟ್ಟಿ ನಿಂತ ಮೂತ್ರದಲ್ಲಿ ಸೋಂಕು ಸೇರಿದರೆ ಆ್ಯಂಟಿಬಯಾಟಿಕ್ ಒಂದೇ ಸಾಲದು, ನಾಳದೊಳಗೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಿಯೋ ಬೆನ್ನಿನಿಂದ ಟ್ಯೂಬ್ ಇಳಿಸಿಯೋ ಅದನ್ನು ಹೊರಗೆ ಬಿಡಬೇಕಾಗುತ್ತದೆ.